ವೀಕ್ಷಕರ ಭೇಟಿಯಲ್ಲಿ ಹನ್ನೆರಡು ನಿಮಿಷದ ಮಾತು: ಸಿದ್ಧತೆ ಹೇಗೆ?

ಕಳೆದ ಫೆಬ್ರವರಿಯಲ್ಲಿ ಶಿವಮೊಗ್ಗದ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಯೂಟ್ಯೂಬ್ ಚಾನೆಲ್‌ನ ವೀಕ್ಷಕರು ಸೇರಿದ್ದರು. ಅಡಿಕೆ ತೋಟದ ಕೆಲಸಗಳನ್ನು ತೋರಿಸುವ ಚಾನೆಲ್ ಅದು. ಬಂದವರು ನಲವತ್ತಮೂರು ಮಂದಿ. ಅದಾದ ಮೇಲೆ ಮಲೆನಾಡಿನಲ್ಲಿ ಇಂಥ ಚಾನೆಲ್ ನಡೆಸುವ ಹಲವರು ನನಗೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮನ್ನು ನೋಡಲೆಂದೇ ಬಂದವರ ಎದುರು ನಿಂತು ಏನು ಹೇಳಬೇಕು? ಕೃತಜ್ಞತೆಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು, ಆಮೇಲೆ? "ನಾನು ಕಲಿತ ಪಾಠಗಳು" ಎಂದು ಶುರುಮಾಡಿದರೆ ಅದು ಎಲ್ಲರೂ ಹೇಳುವ ಮಾತಾಗಿಬಿಡುತ್ತದಲ್ಲ?

ಆಗುತ್ತದೆ. ಆಗದಂತೆ ಮಾಡಲು ನಾನು ಕಂಡುಕೊಂಡ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಬೇಕಾಗಿರುವುದು ಇಷ್ಟೇ: ಒಂದು ನೋಟ್ ಪುಸ್ತಕ, ಹಿಂದಿನ ಒಂದೆರಡು ವರ್ಷಗಳಲ್ಲಿ ನಿಮಗೆ ಬಂದ ಸಂದೇಶಗಳು, ನಿಮ್ಮ ಚಾನೆಲ್‌ನ ಸ್ಟುಡಿಯೊ (ವಿಡಿಯೊಗಳ ಲೆಕ್ಕಪತ್ರ ತೋರಿಸುವ ಪುಟ), ಮತ್ತು ಕನಿಷ್ಠ ಎರಡು ವಾರಗಳ ಸಮಯ. ಹಿಂದಿನ ರಾತ್ರಿ ಕುಳಿತು ಬರೆಯುವ ಭಾಷಣ ಇದಲ್ಲ. ಏಕೆಂದರೆ ಇದರಲ್ಲಿ ಬೇರೆಯವರ ಒಪ್ಪಿಗೆ ಪಡೆಯಬೇಕಾದ ಕೆಲಸವಿದೆ.

ಹಂತ 1: ದಿನವನ್ನೂ ಮಾತಿನ ಉದ್ದವನ್ನೂ ಒಟ್ಟಿಗೇ ನಿಶ್ಚಯಿಸಿ

ನವೆಂಬರ್‌ನಿಂದ ಜನವರಿಯವರೆಗೆ ಅಡಿಕೆ ಕೊಯ್ಲು ಇರುವ ಮನೆಯವರು ಕದಲುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಅಂಚಿನ ಊರುಗಳಿಂದ ಹೊರಟವರು ಹೊತ್ತಿಗೆ ತಲುಪುತ್ತಾರೆ ಎಂಬ ಖಾತರಿಯಿಲ್ಲ. ಜಾತ್ರೆಗಳನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿನವರನ್ನು ಶಿವಮೊಗ್ಗಕ್ಕೆ ಕರೆಯುವುದು ನ್ಯಾಯವಲ್ಲ. ನಾನು ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಹನ್ನೊಂದನ್ನು ಆರಿಸಿದೆ. ಸಾಗರ, ಹೊಸನಗರ, ಕೊಪ್ಪದ ಕಡೆಯವರು ಬೆಳಗಿನ ಬಸ್ಸಿಗೆ ಹೊರಟು ಊಟ ಮುಗಿಸಿ ಬೆಳಕಿದ್ದಾಗಲೇ ಮನೆ ಸೇರಬಹುದು ಎಂಬುದು ಲೆಕ್ಕ.

ಎರಡು ತಾಸಿನ ಕಾರ್ಯಕ್ರಮದಲ್ಲಿ ನಿಮ್ಮ ಭಾಷಣಕ್ಕೆ ಹನ್ನೆರಡು ನಿಮಿಷ ಸಾಕು. ಜನ ಬಂದಿರುವುದು ನಿಮ್ಮೊಂದಿಗೆ ಮಾತಾಡಲು. ಆ ಹೊತ್ತನ್ನು ನೀವೇ ತಿಂದುಹಾಕಬಾರದು. ಸಭೆಯಲ್ಲಿ ನಿಧಾನವಾಗಿ, ಉಸಿರು ತೆಗೆದುಕೊಂಡು ಮಾತಾಡಿದರೆ ನಾನು ನಿಮಿಷಕ್ಕೆ ಸುಮಾರು ತೊಂಬತ್ತು ಪದ ಹೇಳುತ್ತೇನೆ. ಅಂದರೆ ಬರಹ ಸಾವಿರ ಪದಗಳ ಆಸುಪಾಸಿನಲ್ಲಿ ನಿಲ್ಲಬೇಕು. ನಿಮ್ಮ ವೇಗವನ್ನು ಮೊಬೈಲ್‌ನಲ್ಲಿ ಒಂದು ನಿಮಿಷ ಓದಿ ಅಳೆದುಕೊಳ್ಳಿ.

ಹಂತ 2: ಕೃತಜ್ಞತೆಯನ್ನು ಕೆಲಸಗಳ ಪಟ್ಟಿಯಾಗಿ ಬರೆಯಿರಿ

"ನೀವಿಲ್ಲದೆ ನಾನಿಲ್ಲ" ಎಂಬ ಮಾತನ್ನು ಮೊದಲ ಪುಟದಲ್ಲೇ ಹೊಡೆದುಹಾಕಿ. ಅದು ಸುಳ್ಳಲ್ಲ, ಆದರೆ ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ಅದರ ಬದಲು ಹಳೆಯ ಸಂದೇಶಗಳನ್ನು ಒಂದೊಂದಾಗಿ ಓದುತ್ತ, ಯಾರೋ ಮಾಡಿದ ಯಾವ ಕೆಲಸದಿಂದ ಯಾವ ವಿಡಿಯೊ ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ನನಗೆ ಹೀಗೆ ಒಂಬತ್ತು ಸಿಕ್ಕವು. ಸಿಪ್ಪೆಗೋಟು ಸುಲಿಯುವುದನ್ನು ಚಿತ್ರಿಸಲು ತಮ್ಮ ಅಂಗಳ ಬಿಟ್ಟುಕೊಟ್ಟವರು, ಮಳೆ ಸದ್ದಿನಲ್ಲಿ ನನ್ನ ದನಿ ಕೇಳುತ್ತಿಲ್ಲ ಎಂದು ನಾಲ್ಕು ಬಾರಿ ತಿಳಿಸಿದವರು, ಮೊಬೈಲ್ ಬಳಸಲು ಬಾರದ ತಾಯಿಗೆ ಪ್ರತಿ ವಿಡಿಯೊ ಹಾಕಿಕೊಟ್ಟು ಅವರ ಪ್ರಶ್ನೆಗಳನ್ನು ಬರೆದು ಕಳಿಸಿದ ಮಗಳು. ಒಂಬತ್ತರಲ್ಲಿ ಐದನ್ನು ಮಾತ್ರ ಭಾಷಣಕ್ಕೆ ಇಟ್ಟುಕೊಂಡೆ. ಉಳಿದ ನಾಲ್ವರಿಗೆ ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ ಹೇಳಿದೆ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಹೆಸರು ಹೇಳುವ ಮುನ್ನ ಫೋನ್ ಮಾಡಿ ಒಪ್ಪಿಗೆ ಕೇಳಿ. ತಾನು ನಿಮಗೆ ಸಹಾಯ ಮಾಡಿದ್ದು ಊರಿಗೆ ತಿಳಿಯುವುದು ಕೆಲವರಿಗೆ ಬೇಡವಾಗಿರುತ್ತದೆ. ಅಂಥವರನ್ನು "ಹೊಸನಗರದ ಕಡೆಯ ಒಬ್ಬ ತಾಯಿ" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಎರಡನೆಯದು ಹಣದ್ದು, ಬಹಳ ಮಂದಿ ಎಡವುವುದು ಇಲ್ಲಿಯೇ. ಕೆಲವರು ಚಾನೆಲ್‌ನ ಸದಸ್ಯತ್ವ ಪಡೆದಿರುತ್ತಾರೆ, ಅಂದರೆ ತಿಂಗಳಿಗೆ ಇಷ್ಟೆಂದು ಕಟ್ಟುತ್ತಾರೆ. ಕೆಲವರು ಸೂಪರ್ ಥ್ಯಾಂಕ್ಸ್ ಮೂಲಕ, ಅಂದರೆ ಒಂದು ವಿಡಿಯೊಕ್ಕೆ ಮೆಚ್ಚುಗೆಯಾಗಿ, ಹಣ ಕೊಟ್ಟಿರುತ್ತಾರೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊತ್ತದ ಕ್ರಮದಲ್ಲಿ ಹೆಸರು ಓದಬೇಡಿ. ಕೊಟ್ಟವರಿಗೆ ಮುಜುಗರ, ಕೊಡಲಾಗದವರಿಗೆ ನೋವು. ಅದಕ್ಕಿಂತ ಹಣ ಎಲ್ಲಿಗೆ ಹೋಯಿತು ಎಂದು ಹೇಳಿ. ತೆರಿಗೆ ಮತ್ತು ಶುಲ್ಕಗಳನ್ನು ಕಳೆದ ಮೇಲೆ ಸದಸ್ಯತ್ವ ಮತ್ತು ಸೂಪರ್ ಥ್ಯಾಂಕ್ಸ್ ಹಣದಲ್ಲಿ 70 ಪ್ರತಿಶತ ಚಾನೆಲ್ ನಡೆಸುವವರಿಗೆ, ಉಳಿದದ್ದು ಯೂಟ್ಯೂಬ್‌ಗೆ. ಈ ಪಾಲು ಕೊಡುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಾನು ಹೇಳಿದ್ದು ಹೀಗೆ: "ನೀವು ಕಳಿಸಿದ ನೂರು ರೂಪಾಯಿ ನನ್ನ ಕೈಗೆ ಪೂರ್ತಿ ಬರುವುದಿಲ್ಲ. ಬಂದಷ್ಟರಲ್ಲಿ ಹೋದ ವರ್ಷ ಕೊರಳಿಗೆ ಸಿಕ್ಕಿಸುವ ಮೈಕ್ ಕೊಂಡೆ. ಆಷಾಢದ ವಿಡಿಯೊಗಳಲ್ಲಿ ಮಳೆಗಿಂತ ನನ್ನ ದನಿ ಜೋರಾಗಿ ಕೇಳಿದ್ದು ಆ ಹಣದಿಂದ." ತಿಂಗಳ ವರಮಾನ ಹೇಳಲೇಬೇಕೆಂದಿಲ್ಲ. ಹೇಳುವುದಾದರೆ ಅತಿ ಕಡಿಮೆ ಬಂದ ತಿಂಗಳನ್ನೂ ಸೇರಿಸಿ ಹೇಳಿ.

ಹಂತ 3: ಒಂದೇ ತಪ್ಪನ್ನು ಆರಿಸಿ, ಅದನ್ನು ಪೂರ್ತಿ ಹೇಳಿ

ಭಾಷಣದ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೆ ಹೋಗಬೇಕು. "ತಾಳ್ಮೆ ಬೇಕು, ನಿರಂತರತೆ ಬೇಕು, ಟೀಕೆಗೆ ಹೆದರಬಾರದು" ಎಂಬಂಥ ಪಾಠಗಳ ಪಟ್ಟಿಯನ್ನು ಮರೆತುಬಿಡಿ. ನಿಮ್ಮ ಒಂದು ವಿಡಿಯೊದಿಂದ ನೋಡಿದವರಿಗೆ ನಿಜವಾಗಿ ತೊಂದರೆಯಾದ ಒಂದು ಸಂಗತಿಯನ್ನು ಹುಡುಕಿ. ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಎಲ್ಲಿ ತಪ್ಪಿದೆ? ತಪ್ಪು ಗೊತ್ತಾದ ಮೇಲೆ ಏನು ಮಾಡಿದೆ? ಎರಡನೆಯದಕ್ಕೆ ಉತ್ತರಿಸಲು ಮನಸ್ಸು ಹಿಂಜರಿದರೆ, ನೀವು ಹೇಳಬೇಕಾದ ಸಂಗತಿ ಅದೇ.

ನನ್ನದನ್ನೇ ಬಿಡಿಸಿ ತೋರಿಸುತ್ತೇನೆ.

ಕೊಳೆ ರೋಗಕ್ಕೆ ಅಡಿಕೆ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ವಿಡಿಯೊ ಮಾಡಿದ್ದೆ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಳತೆ ಸರಿಯಾಗಿತ್ತು. ತಪ್ಪಿದ್ದು ಬೆರೆಸುವ ಕ್ರಮದಲ್ಲಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಇಲ್ಲವೇ ಎರಡನ್ನೂ ಏಕಕಾಲಕ್ಕೆ ಮೂರನೆಯ ಪಾತ್ರೆಗೆ ಸುರಿಯಬಹುದು. ನಾನು ಕ್ಯಾಮೆರಾ ಎದುರು ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿದು, "ಹೀಗೆ ಮಾಡಿ" ಎಂದಿದ್ದೆ. ಹಾಗೆ ಸುರಿದರೆ ಕಣಗಳು ದಪ್ಪವಾಗಿ, ಬೇಗ ತಳಕ್ಕೆ ಕೂರುತ್ತವೆ. ಸಿಂಪಡಿಸುವ ಮೂತಿ ಕಟ್ಟಿಕೊಳ್ಳುತ್ತದೆ. ಅಡಿಕೆ ಕೊನೆಗಳಿಗೆ ಅಂಟಬೇಕಾದದ್ದು ಸರಿಯಾಗಿ ಅಂಟದೆ ಮಳೆಗೆ ತೊಳೆದುಹೋಗುತ್ತದೆ. ದ್ರಾವಣದಲ್ಲಿ ಒಂದು ಶುಭ್ರವಾದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿಟ್ಟು, ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕಂಡರೆ ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯುವ ಪರೀಕ್ಷೆಯಿದೆ. ಅದನ್ನೂ ನಾನು ತೋರಿಸಿರಲಿಲ್ಲ.

ಜುಲೈ ತಿಂಗಳಲ್ಲಿ ಕೊಪ್ಪದ ಕಡೆಯ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿ, ಮೂತಿ ಪದೇ ಪದೇ ಕಟ್ಟುತ್ತಿದೆ, ಡ್ರಮ್ಮಿನ ತಳದಲ್ಲಿ ನೀಲಿ ಗಷ್ಟು ಕೂತಿದೆ ಎಂದರು. ಅವರು ಹೇಗೆ ಬೆರೆಸಿದರು ಎಂದು ಕೇಳುವಾಗಲೇ ನನಗೆ ತಪ್ಪು ಹೊಳೆಯಿತು. ಆ ರಾತ್ರಿಯೇ ಸ್ಟುಡಿಯೊದಲ್ಲಿ ಆ ನಲವತ್ತು ಸೆಕೆಂಡುಗಳನ್ನು ಕತ್ತರಿಸಿದೆ. ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೊದ ಜಾಗಕ್ಕೆ ಬೇರೆ ಕಡತ ಇಡಲು ಆಗುವುದಿಲ್ಲ, ಆದರೆ ಒಂದು ಭಾಗವನ್ನು ಕತ್ತರಿಸಿ ತೆಗೆಯಬಹುದು. ಕತ್ತರಿಸಿದೆ, ಆದರೆ ಯಾರಿಗೂ ಹೇಳಲಿಲ್ಲ. ಆಗಲೇ ನೋಡಿ ಹಾಗೆಯೇ ಬೆರೆಸುತ್ತಿದ್ದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಪ್ಪನ್ನು ಹೇಳಿ ಹೊಸ ವಿಡಿಯೊ ಮಾಡಿದ್ದು ಮುಂದಿನ ವರ್ಷದ ಜೂನ್‌ನಲ್ಲಿ, ಒಂದು ಇಡೀ ಮಳೆಗಾಲ ಕಳೆದ ಮೇಲೆ.

ಮೊದಲ ಕರಡಿನಲ್ಲಿ ನಾನು ಬರೆದದ್ದು: "ಒಮ್ಮೆ ಒಂದು ವಿಡಿಯೊದಲ್ಲಿ ಸಣ್ಣ ತಪ್ಪಾಗಿತ್ತು. ವೀಕ್ಷಕರೇ ತಿದ್ದಿದರು. ಅದರಿಂದ ಬಹಳ ಕಲಿತೆ." ಈ ಮೂರು ವಾಕ್ಯಗಳಲ್ಲಿ ಸುಳ್ಳಿಲ್ಲ, ಆದರೆ ಮುಖ್ಯವಾದುದೆಲ್ಲ ಮುಚ್ಚಿದೆ. ಇಂಥ ಕರಡನ್ನು ಬಿಚ್ಚಲು ಕೆಳಗಿನ ಐದನ್ನು ಇದೇ ಕ್ರಮದಲ್ಲಿ ಬರೆಯಿರಿ.

1. ಏನು ಹೇಳಿದೆ ಅಥವಾ ಮಾಡಿದೆ, ಯಾವ ವಿಡಿಯೊದಲ್ಲಿ.
2. ಏಕೆ ತಪ್ಪಿದೆ. ನಾನು ಸ್ವತಃ ಆ ವರ್ಷ ದ್ರಾವಣ ತಯಾರಿಸಿರಲಿಲ್ಲ, ಬಾಲ್ಯದಲ್ಲಿ ಕಂಡ ನೆನಪಿನ ಮೇಲೆ ಮಾಡಿ ತೋರಿಸಿದ್ದೆ.
3. ಯಾರಿಗೆ ಏನು ನಷ್ಟವಾಯಿತು.
4. ಗೊತ್ತಾದ ಮೇಲೆ ಏನು ಮಾಡಿದೆ, ಎಷ್ಟು ದಿನಕ್ಕೆ.
5. ಈಗ ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತೇನೆ.

ಮೂರನೆಯದಕ್ಕೆ ಊಹೆ ಸಾಲದು. ನಾನು ಭೇಟಿಗೆ ಹತ್ತು ದಿನ ಮೊದಲು ಕೊಪ್ಪದ ಆ ಹಿರಿಯರಿಗೆ ಫೋನ್ ಮಾಡಿ, ಸಭೆಯಲ್ಲಿ ಇದನ್ನು ಹೇಳಲೇ ಎಂದು ಕೇಳಿದೆ. ಹೆಸರು ಬೇಡ, ವಿಷಯ ಹೇಳಿ ಎಂದರು. ಆಮೇಲೆ ಅವರು ಹೇಳಿದ ಮಾತು ನನ್ನ ಬರಹವನ್ನೇ ಬದಲಿಸಿತು: "ನಷ್ಟ ನನಗೆ ಮಾತ್ರ ಎಂದು ಬರೆದುಕೊಳ್ಳಬೇಡಿ. ಆ ದಿನ ಕೊನೆಗಾರನು ಮೂರು ಬಾರಿ ಮರದಿಂದ ಇಳಿದು ಮೂತಿ ಬಿಚ್ಚಿ ತೊಳೆದಿದ್ದಾನೆ. ಜಾರುವ ಮರವನ್ನು ನಮ್ಮಿಬ್ಬರ ತಪ್ಪಿಗಾಗಿ ಮೂರು ಸಲ ಹೆಚ್ಚಿಗೆ ಹತ್ತಿದವನು ಅವನು." ನನ್ನ ಲೆಕ್ಕದಲ್ಲಿ ಕೊನೆಗಾರ ಇರಲೇ ಇಲ್ಲ.

ನಾಲ್ಕನೆಯದನ್ನು ಬರೆಯುವಾಗ ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕತ್ತರಿಸುವ ದಿನ ಆ ವಿಡಿಯೊಕ್ಕೆ ಹನ್ನೊಂದು ಸಾವಿರ ವೀಕ್ಷಣೆಗಳಾಗಿದ್ದವು. ಇದನ್ನು "ಹನ್ನೊಂದು ಸಾವಿರ ಜನ" ಎನ್ನಬಾರದು, ಒಬ್ಬರೇ ಹಲವು ಬಾರಿ ನೋಡಿರಬಹುದು. ಎಲ್ಲರೂ ಆ ನಿಮಿಷದವರೆಗೆ ನೋಡಿಯೂ ಇರುವುದಿಲ್ಲ. ಯಾವ ನಿಮಿಷದವರೆಗೆ ಎಷ್ಟು ಪಾಲು ಉಳಿದರು ಎಂಬುದನ್ನು ಸ್ಟುಡಿಯೊದಲ್ಲಿ ಒಂದು ಗೆರೆ ತೋರಿಸುತ್ತದೆ. ನನ್ನ ವಿಡಿಯೊದ ನಾಲ್ಕನೆಯ ನಿಮಿಷದಲ್ಲಿ ಅದು 46 ಪ್ರತಿಶತದಲ್ಲಿತ್ತು. ಹನ್ನೊಂದು ಸಾವಿರದಲ್ಲಿ 46 ಪ್ರತಿಶತ ಎಂದರೆ ಐದು ಸಾವಿರ ಚಿಲ್ಲರೆ. ಆದ್ದರಿಂದ ನಾನು ಹೇಳಬಹುದಾದದ್ದು "ಆ ತಪ್ಪು ಮಾತು ಸುಮಾರು ಐದು ಸಾವಿರ ಬಾರಿ ಯಾರದೋ ಕಿವಿಗೆ ಬಿದ್ದಿದೆ" ಎಂದಷ್ಟೇ. ವಿಡಿಯೊವನ್ನು ಕತ್ತರಿಸುವ ಯೋಚನೆಯಿದ್ದರೆ ಅದಕ್ಕೂ ಮೊದಲೇ ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಕೊನೆಗೆ ಸಭೆಯಲ್ಲಿ ಓದಿದ ಭಾಗ ಹೀಗಿತ್ತು:

"ಬೋರ್ಡೋ ವಿಡಿಯೊದಲ್ಲಿ ನಾನು ಸುಣ್ಣವನ್ನು ಮೈಲುತುತ್ತಕ್ಕೆ ಸುರಿದೆ. ಅದು ತಲೆಕೆಳಗು. ಆ ವರ್ಷ ನಾನು ಒಂದು ಡ್ರಮ್ಮನ್ನೂ ಬೆರೆಸಿರಲಿಲ್ಲ, ನೆನಪಿನ ಮೇಲೆ ಮಾಡಿದೆ. ಇಲ್ಲಿ ಕೂತವರಲ್ಲಿ ಒಬ್ಬರು ಹಾಗೆಯೇ ಬೆರೆಸಿದರು. ಅವರ ಕೊನೆಗಾರರು ಮಳೆಯಲ್ಲಿ ನೆನೆದ ಮರಗಳಿಂದ ಮೂರು ಬಾರಿ ಹೆಚ್ಚಿಗೆ ಇಳಿದು ಹತ್ತಬೇಕಾಯಿತು. ನನಗೆ ತಪ್ಪು ತಿಳಿದದ್ದು ಜುಲೈನಲ್ಲಿ. ಆ ಭಾಗವನ್ನು ರಾತ್ರೋರಾತ್ರಿ ಕತ್ತರಿಸಿದೆ, ನಿಮಗೆ ಹೇಳಲಿಲ್ಲ. ಹೇಳಿದರೆ ನಂಬಿಕೆ ಹೋಗುತ್ತದೆ ಎಂದು ಹೆದರಿದೆ. ಹನ್ನೊಂದು ತಿಂಗಳು ಸುಮ್ಮನಿದ್ದೆ. ತಪ್ಪು ಬೆರೆಸಿದ್ದಕ್ಕಿಂತ ಸುಮ್ಮನಿದ್ದುದಕ್ಕೆ ನಾನು ನಿಮ್ಮ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ. ಈಗ ಔಷಧಿ, ಗೊಬ್ಬರದ ಯಾವುದೇ ವಿಡಿಯೊವನ್ನು ಆ ಹಂಗಾಮಿನಲ್ಲಿ ನಾನೇ ಮಾಡಿದ ಕೆಲಸವಾಗಿದ್ದರೆ ಮಾತ್ರ ಚಿತ್ರಿಸುತ್ತೇನೆ. ತಪ್ಪು ಕಂಡರೆ ಎರಡು ದಿನದೊಳಗೆ ವಿಡಿಯೊದ ಶೀರ್ಷಿಕೆಯಲ್ಲೇ 'ತಿದ್ದುಪಡಿ' ಎಂದು ಬರೆಯುತ್ತೇನೆ."

ಇದರಲ್ಲಿ "ಆದರೆ ನನ್ನ ಉದ್ದೇಶ ಒಳ್ಳೆಯದಿತ್ತು" ಎಂಬ ವಾಕ್ಯವಿಲ್ಲ. ಕರಡಿನಲ್ಲಿತ್ತು, ತೆಗೆದೆ. ನಿಮ್ಮ ಬರಹದಲ್ಲಿಯೂ ಕ್ಷಮೆಯ ನಂತರ "ಆದರೆ" ಬಂದಿದೆಯೇ ನೋಡಿ. ಕಣ್ಣೀರಿನ ಬಗ್ಗೆಯೂ ಒಂದು ಮಾತು: ಗಂಟಲು ಕಟ್ಟಿದರೆ ನಿಲ್ಲಿಸಿ, ನೀರು ಕುಡಿಯಿರಿ, ಮುಂದುವರಿಸಿ. ಅದನ್ನು ಮುಚ್ಚುವುದೂ ಬೇಡ, ಬೆಳೆಸುವುದೂ ಬೇಡ. ಸಭೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸಕ್ಕೆ ಇಳಿದರೆ ನಷ್ಟವಾದವರು ಮರೆಗೆ ಸರಿಯುತ್ತಾರೆ.

ಹಂತ 4: ಪ್ರಾಯೋಜಕರ ಸಂಗತಿ ಇದ್ದರೆ ಮೊದಲೇ ಹೇಳಿ

ಊಟಕ್ಕೋ ಸಭಾಂಗಣದ ಬಾಡಿಗೆಗೋ ಯಾವುದಾದರೂ ಅಂಗಡಿ, ಕಂಪನಿ ಹಣ ಕೊಟ್ಟಿದ್ದರೆ ಭಾಷಣದ ಮೊದಲ ನಿಮಿಷದಲ್ಲೇ ಅದನ್ನು ಹೇಳಿ. ತಪ್ಪೊಪ್ಪಿಗೆಯ ಮಾತಾದ ಮೇಲೆ ಇದು ಹೊರಬಂದರೆ ಜನರಿಗೆ ಎರಡೂ ಒಂದೇ ನಾಟಕದ ಭಾಗದಂತೆ ಕಾಣುತ್ತವೆ. ಹಣ ಪಡೆದು ಮಾಡಿದ ಪ್ರಚಾರಕ್ಕೆ ಕಣ್ಣಿಗೆ ಕಾಣುವಂತೆ ಗುರುತು ಹಾಕಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಸೂಚಿಸಿದೆ. ವಿಡಿಯೊ ಹಾಕುವಾಗ ಯೂಟ್ಯೂಬ್ ಕೂಡ ಇದನ್ನು ಕೇಳುತ್ತದೆ. ಎದುರಿಗೆ ನಿಂತು ಮಾತಾಡುವಾಗ ಅದಕ್ಕಿಂತ ಕಡಿಮೆ ಪ್ರಾಮಾಣಿಕತೆ ಸಲ್ಲದು. ನಾನು ಯಾರ ಹಣವನ್ನೂ ತೆಗೆದುಕೊಳ್ಳದೆ, ಊಟಕ್ಕೆ ಬಂದವರಿಂದ ತಲಾ ನೂರು ರೂಪಾಯಿ ಪಡೆದೆ.

ಹಂತ 5: ಗಟ್ಟಿಯಾಗಿ ಓದಿ, ಕತ್ತರಿಸಿ, ಚೀಟಿಗೆ ಇಳಿಸಿ

ಮನೆಯಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಮೂರು ದಿನ ಓದಿ. ಎಲ್ಲಿ ಅವರು ಅತ್ತಿತ್ತ ನೋಡುತ್ತಾರೋ ಅಲ್ಲಿ ಗುರುತು ಹಾಕಿ. ನನ್ನ ಅಕ್ಕ ಗುರುತು ಮಾಡಿದ ಎಲ್ಲ ಜಾಗಗಳೂ ಚಾನೆಲ್ ಹೇಗೆ ಬೆಳೆಯಿತು ಎಂಬ ಭಾಗದಲ್ಲಿದ್ದವು. ಅದು ಮೂರು ನಿಮಿಷವಿತ್ತು, ನಲವತ್ತು ಸೆಕೆಂಡಿಗೆ ಇಳಿಸಿದೆ.

ಕೃತಜ್ಞತೆಯ ಭಾಗವನ್ನು ಚೀಟಿಯಲ್ಲಿ ಹೆಸರುಗಳಷ್ಟೇ ಇಟ್ಟುಕೊಂಡು ಹೇಳಿ. ತಪ್ಪಿನ ಭಾಗವನ್ನು ಮಾತ್ರ ಪೂರ್ತಿ ಬರೆದುಕೊಂಡು ನೋಡಿ ಓದಿ, ಅದಕ್ಕೆ ಸಂಕೋಚ ಬೇಡ. ಬಾಯಿಗೆ ಬಂದಂತೆ ಹೇಳಹೊರಟರೆ ನಾಲಿಗೆ ತಾನಾಗಿಯೇ "ಸಣ್ಣ ತಪ್ಪು" ಎಂದುಬಿಡುತ್ತದೆ. ತಪ್ಪಿನ ಭಾಗ ಕೃತಜ್ಞತೆಯ ನಂತರ ಬರಲಿ. ಮೊದಲೇ ಬಂದರೆ, ಆಮೇಲೆ ಹೇಳುವ ಕೃತಜ್ಞತೆ ಕ್ಷಮೆಗೆ ಕೊಟ್ಟ ಬೆಲೆಯಂತೆ ಕೇಳಿಸುತ್ತದೆ.

ಹಂತ 6: ಆ ದಿನ

ಒಂದು ತಾಸು ಮೊದಲು ಹೋಗಿ ಕೊನೆಯ ಕುರ್ಚಿಯಲ್ಲಿ ಕುಳಿತು, ಇನ್ನೊಬ್ಬರನ್ನು ಮಾತಾಡಿಸಿ ಕೇಳಿ. ಐವತ್ತು ಜನರ ಕೋಣೆಗೆ ಮೈಕ್ ಬೇಕಾಗದೇ ಇರಬಹುದು, ಆದರೆ ತಗಡಿನ ಮಾಡು, ತಿರುಗುವ ಫ್ಯಾನು ಇದ್ದರೆ ಹಿಂದೆ ಕೂತ ಹಿರಿಯರಿಗೆ ಏನೂ ಕೇಳುವುದಿಲ್ಲ. ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿಯ ಸಣ್ಣ ಸ್ಪೀಕರ್ ಒಂದಿರಲಿ.

ಚಿತ್ರೀಕರಣ ಮಾಡುವುದಾದರೆ ಬಾಗಿಲಲ್ಲೇ ತಿಳಿಸಿ, ಕ್ಯಾಮೆರಾಕ್ಕೆ ಬೀಳಲು ಇಷ್ಟವಿಲ್ಲದವರಿಗೆ ಒಂದು ಬದಿಯ ಸಾಲುಗಳನ್ನು ಬಿಡಿ. ನಾನು ತಪ್ಪಿನ ಭಾಗಕ್ಕೆ ಬಂದಾಗ ಕ್ಯಾಮೆರಾ ನನ್ನ ಮೇಲೆಯೇ ಇರಲಿ, ಸಭಿಕರ ಕಡೆ ತಿರುಗಬಾರದು ಎಂದು ಮೊದಲೇ ಹೇಳಿದ್ದೆ. ಕೊಪ್ಪದ ಹಿರಿಯರು ಎರಡನೆಯ ಸಾಲಿನಲ್ಲಿ ಕುಳಿತಿದ್ದರು, ಅವರು ಯಾರೆಂದು ಯಾರಿಗೂ ತಿಳಿಯಬಾರದಿತ್ತು.

ಹಂತ 7: ಪ್ರಶ್ನೆಗಳಿಗೆ ಮೂವತ್ತು ನಿಮಿಷ ಇಡಿ

ಭಾಷಣ ಮುಗಿದ ಕೂಡಲೇ ಚಪ್ಪಾಳೆಗೆ ಕಾಯದೆ, "ಈ ವಿಷಯದಲ್ಲಿ ಕೇಳುವುದಿದ್ದರೆ ಕೇಳಿ" ಎನ್ನಿ. ಮೊದಲ ಪ್ರಶ್ನೆ ಕಟುವಾಗಿರಬಹುದು. ನನಗೆ ಬಂದದ್ದು: "ನಮ್ಮ ಮನೆಯಲ್ಲಿಯೂ ಹಾಗೆಯೇ ಬೆರೆಸಿದ್ದೇವೆ. ಆ ವರ್ಷದ ಕೊಳೆಗೆ ನೀವೇ ಕಾರಣ ಎನ್ನಬಹುದೇ?" ಇಂಥಲ್ಲಿ ಇಲ್ಲ ಎಂದು ನುಣುಚಿಕೊಳ್ಳುವುದೂ ತಪ್ಪು, ಎಲ್ಲ ನನ್ನಿಂದಲೇ ಎಂದು ತಲೆಬಾಗಿ ಚರ್ಚೆ ಮುಗಿಸುವುದೂ ತಪ್ಪು. ಸಿಂಪಡಣೆಯ ಸಮಯ, ಮಳೆಯ ಬಿರುಸು, ಪಕ್ಕದ ತೋಟದ ಸ್ಥಿತಿ ಎಲ್ಲವೂ ಕೊಳೆಗೆ ಕಾರಣವಾಗುತ್ತವೆ, ಅದರಲ್ಲಿ ನನ್ನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ, ಆದರೆ ಪಾಲು ಇದೆ ಎಂದೆ. ಅವರು ಎಷ್ಟನೆಯ ದಿನ ಎರಡನೆಯ ಸಿಂಪಡಣೆ ಮಾಡಿದರು ಎಂದು ಕೇಳಿದೆ. ಮಾತು ಅಲ್ಲಿಂದ ದ್ರಾವಣದ ಕಡೆಗೆ ಹೊರಳಿತು. ಇನ್ನಿಬ್ಬರು ತಮ್ಮ ಚಾಕು ಪರೀಕ್ಷೆಯ ಅನುಭವ ಹೇಳಿದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಎಲ್ಲರಿಗೂ ಕಾಣುವಂತೆ ಒಂದು ಹಾಳೆಯಲ್ಲಿ ಬರೆಯಿರಿ, ಎದುರಿಗೆ ದಿನಾಂಕ ಹಾಕಿ. ನನ್ನ ಹಾಳೆಯಲ್ಲಿ ನಾಲ್ಕು ಉಳಿದವು. ಮೂರಕ್ಕೆ ಎರಡು ವಾರದೊಳಗೆ ಉತ್ತರ ಕಳಿಸಿದೆ. ನಾಲ್ಕನೆಯದು ಎಲೆಚುಕ್ಕಿ ರೋಗ ತಗುಲಿದ ತೋಟದಲ್ಲಿ ಉದುರಿದ ಸೋಗೆಗಳನ್ನು ಏನು ಮಾಡಬೇಕು ಎಂಬುದು. ಅದನ್ನು ನಮ್ಮ ತೋಟದಲ್ಲಿ ಈ ಹಂಗಾಮು ಮುಗಿಯುವವರೆಗೆ ಮಾಡಿ ನೋಡಿದ ಮೇಲೆಯೇ ವಿಡಿಯೊ ಮಾಡುತ್ತೇನೆ ಎಂದು ಕೇಳಿದವರಿಗೆ ಬರೆದಿದ್ದೇನೆ.